ಇಪ್ಪತ್ತೈದು ಮಾತಿನ ಕಾರ್ಡು

ಗಂಜಾಂ, ಶ್ರೀರಂಗಪಟ್ಟಣ
೧೨ ಆಗಸ್ಟ್ ೧೯೯೫

ಮಾನ್ಯ ಚಲುವಯ್ಯನವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ನಾನು ಇಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹೆಸರು ಪುಟ್ಟಗೌರಮ್ಮ. ಪಾಂಡವಪುರದಲ್ಲಿ ಮಾಜಿ ಸೈನಿಕರ ಸಭೆ ನಡೆದಾಗ ಚಿಕ್ಕಸ್ವಾಮಿ ಎಂಬವರು ನಿಮ್ಮ ವಿಳಾಸ ಕೊಟ್ಟರು. ಮೈಸೂರು ಇನ್‌ಫೆಂಟ್ರಿಯಲ್ಲಿದ್ದು, ಸಿಂಗಾಪುರದಲ್ಲಿ ಜಪಾನಿನವರ ಕೈಗೆ ಸಿಕ್ಕಿ ಮೂರೂವರೆ ವರ್ಷ ಸೆರೆಯಲ್ಲಿದ್ದು ಬಂದವರಲ್ಲಿ ಈ ಕಡೆ ಉಳಿದಿರುವವರು ನೀವೊಬ್ಬರೇ ಎಂದರು.

ನಮ್ಮ ಮನೆಯಲ್ಲಿ ಒಂದು ಕಾರ್ಡು ಇದೆ. ಸೆರೆಯಿಂದ ಬಂದದ್ದು. ಚಿನಕುರಳಿಯ ಕುಳ್ಳಯ್ಯ ಎಂಬವರ ಹೆಸರಿನಲ್ಲಿದೆ. ವಿಳಾಸದಲ್ಲಿ ಪಾಂಡವಪುರಕ್ಕೆ ಆಗಿನ ಹೆಸರು, ಫ್ರೆಂಚ್ ರಾಕ್ಸ್. ಪೆನ್ಸಿಲಿನಲ್ಲಿ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಾರೆ. ಅರ್ಥ ಇಷ್ಟು: ‘ಚೆನ್ನಾಗಿದ್ದೇನೆ. ಕೆಲಸ ಮಾಡುತ್ತಿದ್ದೇನೆ. ಚಿಂತೆ ಬೇಡ. ದೇವಲಾಪುರದ ಚಲುವಯ್ಯನೂ ಚೆನ್ನಾಗಿದ್ದಾನೆ, ಅವನ ತಾಯಿಗೆ ಹೇಳಿ ಕಳಿಸಿ.’ ತಾರೀಖು ೧೯೪೩ ಜೂನ್. ಊರಿಗೆ ಬಂದು ಮುಟ್ಟಿದ್ದು ೧೯೪೪ರ ಸೆಪ್ಟೆಂಬರಿನಲ್ಲಿ. ಆ ಚಲುವಯ್ಯ ನೀವೇ ಇರಬೇಕು.

ಕುಳ್ಳಯ್ಯನವರು ಹಿಂತಿರುಗಲಿಲ್ಲ. ೧೯೪೬ರಲ್ಲಿ ಸರ್ಕಾರದಿಂದ ಬಂದ ಕಾಗದದಲ್ಲಿ ‘ಸೆರೆಯಲ್ಲಿದ್ದಾಗ ಮರಣ, ದಿನಾಂಕ ತಿಳಿದಿಲ್ಲ’ ಎಂದಷ್ಟೇ ಇದೆ. ನಮ್ಮ ಮನೆಯ ಹಿರಿಯರೊಬ್ಬರಿಗೆ ಅವರು ಯಾವ ವರ್ಷ, ಯಾವ ತಿಂಗಳು ತೀರಿಕೊಂಡರು ಎಂದು ತಿಳಿಯಬೇಕಾಗಿದೆ. ಅವರಿಗೆ ಎಪ್ಪತ್ತೆರಡು ವರ್ಷ, ಆರೋಗ್ಯ ಚೆನ್ನಾಗಿಲ್ಲ. ತಿಳಿಯದೆ ಹೋಗಬಾರದೆಂಬುದು ಅವರ ಹಟ. ಅಲ್ಲಿ ನೀವೆಲ್ಲ ಹೇಗೆ ದಿನ ಕಳೆದಿರಿ ಎಂಬುದನ್ನೂ ಬರೆದರೆ ಓದಿ ಹೇಳುತ್ತೇನೆ.

ಇತಿ,
ಪುಟ್ಟಗೌರಮ್ಮ


ದೇವಲಾಪುರ, ನಾಗಮಂಗಲ ತಾಲ್ಲೂಕು
೨೮ ಆಗಸ್ಟ್ ೧೯೯೫

ಮಗಳು ಪುಟ್ಟಗೌರಮ್ಮನಿಗೆ ಚಲುವಯ್ಯನ ಆಶೀರ್ವಾದಗಳು.

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ವಯಸ್ಸಾಯಿತು, ಅದಕ್ಕೆ ತಡ. ಆ ಕಾರ್ಡು ಇನ್ನೂ ಇದೆ ಎಂದು ಓದಿ ಆಶ್ಚರ್ಯಪಟ್ಟೆ. ಅದನ್ನು ಬರೆದ ಕೈ ನನ್ನದು. ನನಗೆ ನಾಲ್ಕು ಅಕ್ಷರ ಇಂಗ್ಲಿಷ್ ಬರುತ್ತಿತ್ತು, ನಮ್ಮ ಕೊಟ್ಟಿಗೆಯ ನಲವತ್ತು ಜನರ ಕಾರ್ಡನ್ನೂ ನಾನೇ ಬರೆದೆ. ಕೊಟ್ಟಿಗೆ ಎಂದರೆ, ಅತ್ತಾಪು ಎಂಬ ಅಲ್ಲಿನ ತಾಳೆಯ ಗರಿ ಹೊದಿಸಿದ ಉದ್ದನೆಯ ಗುಡಿಸಲು. ಎರಡು ಕಡೆ ಹಲಗೆಯ ಜಗುಲಿ, ನಡುವೆ ಓಣಿ. ಒಬ್ಬನಿಗೆ ಒಂದೂವರೆ ಮೊಳ ಅಗಲ ಜಾಗ. ಒಬ್ಬ ಮಗ್ಗುಲು ತಿರುಗಿದರೆ ಸಾಲಿಗೆ ಸಾಲೇ ತಿರುಗಬೇಕು. ಹಲಗೆಯ ಸಂದಿಯಲ್ಲಿ ತಿಗಣೆ.

ಬೆಳಗಾದರೆ ಎಣಿಕೆ. ಜಪಾನಿ ಭಾಷೆಯಲ್ಲೇ ಎಣಿಸಬೇಕು: ಇಚ್ಚಿ, ನಿ, ಸಾನ್, ಶಿ. ಕುಳ್ಳಯ್ಯನಿಗೆ ಯಾವಾಗಲೂ ನಾಲ್ಕನೆಯ ಜಾಗ. “ನನ್ನ ಸರದಿ ಬಂದಾಗ್ಲೇ ಶೀ ಅನ್ಬೇಕಲ್ಲಾ, ಎಂತಾ ಅದೃಷ್ಟ ಕಣ್ಲಾ ನಂದು” ಎನ್ನುತ್ತಿದ್ದ. ತಪ್ಪಿದರೆ ಕಪಾಳಕ್ಕೆ ಏಟು, ಮತ್ತೆ ಮೊದಲಿಂದ ಎಣಿಕೆ. ಆಮೇಲೆ ಹಡಗಿನ ದಕ್ಕೆಗೆ ನಡೆಸಿಕೊಂಡು ಹೋಗುತ್ತಿದ್ದರು. ಮೂಟೆ ಇಳಿಸುವುದು, ಗೋದಾಮಿನಲ್ಲಿ ಜೋಡಿಸುವುದು. ಮೂಟೆ ಹರಿದು ಸಕ್ಕರೆ ಚೆಲ್ಲಿದರೆ ಕಾಲುಚೀಲಕ್ಕೆ ತುಂಬಿಕೊಂಡು ಬರುವವರೂ ಇದ್ದರು. ಸಿಕ್ಕಿಬಿದ್ದವನು ಆ ಮೂಟೆಯನ್ನೇ ತಲೆಯ ಮೇಲೆ ಎತ್ತಿಕೊಂಡು ಬಿಸಿಲಲ್ಲಿ ನಿಲ್ಲಬೇಕಿತ್ತು. ಬ್ರಿಟಿಷರ ವಿರುದ್ಧ ಹೋರಾಡುವ ಬೇರೆ ಸೈನ್ಯಕ್ಕೆ ಸೇರಿ ಎಂದು ನಮ್ಮ ದೇಶದವರೇ ಬಂದು ಕರೆದರು. ಸೇರಿದವರೂ ಇದ್ದರು, ಸೇರದವರೂ ಇದ್ದರು. ನಾವಿಬ್ಬರೂ ಸೇರಲಿಲ್ಲ. ಯಾರು ಸರಿ ಎಂದು ಈಗ ಕೇಳಬೇಡಿ.

ಊಟಕ್ಕೆ ಬರೀ ಬಿಳಿ ಅನ್ನ. ಹುಳ ಹಿಡಿಯದಿರಲೆಂದು ಸುಣ್ಣ ಕಲಸಿಟ್ಟ ಅಕ್ಕಿ, ಎಷ್ಟು ತೊಳೆದರೂ ನಾಲಗೆಗೆ ಹತ್ತುತ್ತಿತ್ತು. ಆದರೂ ಮೊದಲ ವಾರ ನಮ್ಮವರು ಕುಣಿದರು. ರಾಗಿ ತಿಂದು ಬೆಳೆದ ನಮಗೆ ಅನ್ನ ಎಂದರೆ ಹಬ್ಬದ ದಿನ ಕಾಣುವ ವಸ್ತು. “ದಿನಾ ಹಬ್ಬ ಮಾಡುಸ್ತಾವ್ರಲ್ಲೋ” ಎಂದು ಕುಳ್ಳಯ್ಯ ನಕ್ಕ. ಮೂರು ತಿಂಗಳಿಗೆ ಆ ಹಬ್ಬ ಕಾಲಿಗಿಳಿಯಿತು. ಬೆರಿಬೆರಿ ಅಂತ ರೋಗ. ಕಾಲು ಊದಿಕೊಳ್ಳುತ್ತದೆ, ಹೆಬ್ಬೆಟ್ಟಿನಿಂದ ಒತ್ತಿದರೆ ಮೇಣದಲ್ಲಿ ಒತ್ತಿದ ಹಾಗೆ ಗುಳಿ ಬಿದ್ದು ಹಾಗೇ ಉಳಿಯುತ್ತದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸತ್ವವಿಲ್ಲ, ಮೇಲಿನ ತವುಡಿನಲ್ಲಿದೆ ಎಂದು ನಮ್ಮ ಡಾಕ್ಟರು ಹೇಳಿ, ಅಕ್ಕಿ ಗಿರಣಿಯಿಂದ ತವುಡು ತರಿಸಿ ದಿನಕ್ಕೆರಡು ಚಮಚ ಕೊಡುತ್ತಿದ್ದರು. ಕುಳ್ಳಯ್ಯ ನಗುತ್ತಲೇ ನುಂಗುತ್ತಿದ್ದ. ಬೇಲಿ ಪಕ್ಕ ಬಸಳೆ, ಗೆಣಸಿನ ಬಳ್ಳಿ ಹಬ್ಬಿಸಿ ಎಲೆ ಬೇಯಿಸಿಕೊಳ್ಳುತ್ತಿದ್ದೆವು.

ಸಂಜೆ ಒಂದು ಆಟ. ದಿನಕ್ಕೊಬ್ಬನ ಮನೆಯಲ್ಲಿ ಊಟ. ಸರದಿ ಬಂದವನು ಒಲೆ ಹಚ್ಚುವುದರಿಂದ ಹಿಡಿದು ಎಲೆ ಹಾಕುವವರೆಗೆ ಬಾಯಲ್ಲೇ ಅಡುಗೆ ಮಾಡಬೇಕು. ಅವಸರ ಮಾಡಿದರೆ ಉಳಿದವರು ಬೈಯುವರು: “ಒಗ್ಗರಣೆ ಎಲ್ಲಿ ಹಾಕ್ದೆ? ವಾಸ್ನೇನೇ ಬರ್ನಿಲ್ಲ!” ಕುಳ್ಳಯ್ಯನ ಮನೆಯಲ್ಲಿ ಯಾವತ್ತೂ ಸೊಪ್ಪಿನ ಉಪ್ಸಾರು. “ಬೇರೆ ಮಾಡಾಕೆ ಬರಾಕಿಲ್ವೇನ್ಲಾ ನಿನ್ನೆಂಡ್ರಿಗೆ?” ಎಂದರೆ, “ಬತ್ತದೆ. ನಿಮ್ಗ್ಯಾಕೆ ಉಣ್ಣುಸ್ಬೇಕು?” ಎನ್ನುತ್ತಿದ್ದ.

ಅವನು ತೀರಿಕೊಂಡಿದ್ದು ೧೯೪೫ರ ಮೇ ತಿಂಗಳು. ನಾಲ್ಕು ದಿನ ಜ್ವರ. ಅಲ್ಲಿಯವರೆಗೆ ಗಟ್ಟಿಯಾಗಿದ್ದ. ಸಂಕಟ ಪಡಲಿಲ್ಲ. ನಿಮ್ಮ ಹಿರಿಯರಿಗೆ ಇದನ್ನು ಹೇಳಿ, ಸಮಾಧಾನವಾಗಲಿ. ಅವನ ಹೆಂಡತಿ ಇದ್ದಾರೆಯೇ?

ಚಲುವಯ್ಯ


ಗಂಜಾಂ
೨೦ ಸೆಪ್ಟೆಂಬರ್ ೧೯೯೫

ಪೂಜ್ಯ ಚಲುವಯ್ಯನವರಿಗೆ,

ನಿಮ್ಮ ಕಾಗದವನ್ನು ನಮ್ಮ ಹಿರಿಯರು ಮೂರು ಸಲ ಓದಿಸಿಕೊಂಡರು. ಉಪ್ಸಾರಿನ ಮಾತು ಬಂದಾಗ ಕೈ ಎತ್ತಿ, ಆ ಸಾಲನ್ನು ಇನ್ನೊಮ್ಮೆ ಓದು ಎಂದರು.

ಇಷ್ಟು ವಿವರ ಬರೆದದ್ದಕ್ಕೆ ಋಣಿ. ಇನ್ನು ಒಂದೆರಡು ಪ್ರಶ್ನೆ. ೧೯೪೫ರ ಮೇ ಎಂಬುದು ನಿಮಗೆ ಖಚಿತವೇ? ಅದಕ್ಕೆ ಮುಂಚೆ ಊರಿನಿಂದ ಅವರಿಗೆ ಏನಾದರೂ ಸುದ್ದಿ ತಲುಪಿತ್ತೇ? ಕಾಗದವಾಗಲಿ, ಯಾರ ಬಾಯಿಯಿಂದಾಗಲಿ? ದಯವಿಟ್ಟು ಇದನ್ನು ಮಾತ್ರ ನೆನಪು ಮಾಡಿಕೊಂಡು ಬರೆಯಿರಿ.

ಅವರ ಹೆಂಡತಿಯ ವಿಷಯ ಕೇಳಿದ್ದೀರಿ. ಇದ್ದಾರೆ. ಹೆಚ್ಚು ಮಾತನಾಡುವುದಿಲ್ಲ. ನಿಮ್ಮ ಕಾಗದ ಬಂದ ಮೇಲೆ ಒಪ್ಪೊತ್ತು ಹಿಡಿದಿದ್ದಾರೆ.

ಇತಿ,
ಪುಟ್ಟಗೌರಮ್ಮ


ದೇವಲಾಪುರ
೬ ಅಕ್ಟೋಬರ್ ೧೯೯೫

ಮಗಳು ಪುಟ್ಟಗೌರಮ್ಮನಿಗೆ ಆಶೀರ್ವಾದ.

ಕುಳ್ಳಯ್ಯನ ಹೆಂಡತಿ ಬದುಕಿದ್ದಾರೆ ಎಂದು ಓದಿ ಕಣ್ಣು ತುಂಬಿತು. ಐವತ್ತು ವರ್ಷ ಅವನ ಹೆಸರಿನಲ್ಲೇ ಕಳೆದು, ಈಗಲೂ ಒಪ್ಪೊತ್ತು ಇದ್ದಾರೆ ಎಂದರೆ ಅಂಥ ತಾಯಿಗೆ ಏನು ಹೇಳಲಿ.

ಅವರಿಗೆ ಹೇಳಿ, ಊರಿನ ಕಾಗದ ಬಂದಿತ್ತು ಎಂದು. ೧೯೪೪ರ ಕೊನೆ. ಕಾಗದ ಬರುವುದೆಂದರೆ ಅಲ್ಲಿ ಮಳೆ ಬಂದ ಹಾಗೆ. ವರ್ಷಗಟ್ಟಲೆ ಜಪಾನಿನವರ ಆಫೀಸಿನಲ್ಲಿ ಚೀಲ ಕಟ್ಟಿಕೊಂಡು ಬಿದ್ದಿರುತ್ತಿತ್ತು. ತಪಾಸಣೆಗೆ ಓದಿ ನೋಡುವವರು ಬೇಕಲ್ಲ! ಕುಳ್ಳಯ್ಯ ಅದನ್ನು ನನ್ನಿಂದ ಓದಿಸಿಕೊಂಡ. ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡ. ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಸಂಜೆ ಅವನ ಸರದಿ ಬಂದಾಗ, “ಇವತ್ತು ನಮ್ಮನೇಲಿ ಒಲೆ ಅಚ್ಚಾಕಿಲ್ಲ” ಅಂದುಬಿಟ್ಟ. ಅಷ್ಟು ತುಂಬಿ ಬಂದಿತ್ತು ಅವನಿಗೆ. ಆ ಕಾಗದದ ಜೊತೆಗೇ ಅವನನ್ನು ಮಣ್ಣು ಮಾಡಿದೆವು.

ಹೆಂಡತಿ ಕಾಯುತ್ತಿದ್ದಾಳೆ ಎಂದು ತಿಳಿದೇ ಅವನು ಹೋದ. ತಾಯಿಗೆ ಇದು ಸಾಕಲ್ಲವೇ?

ಚಲುವಯ್ಯ


ಗಂಜಾಂ
೩೦ ಅಕ್ಟೋಬರ್ ೧೯೯೫

ಚಲುವಯ್ಯನವರಿಗೆ,

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಮೊದಲ ಕಾಗದದಲ್ಲೇ ಹೇಳಬೇಕಾಗಿದ್ದನ್ನು ಸಂಕೋಚದಿಂದ ಮುಚ್ಚಿಟ್ಟೆ. ತಪ್ಪು ನನ್ನದು.

ಕುಳ್ಳಯ್ಯನವರ ಹೆಂಡತಿ ಸಿದ್ದಲಿಂಗಮ್ಮ ನನ್ನ ತಾಯಿ. ನಾನು ಕುಳ್ಳಯ್ಯನವರ ಮಗಳಲ್ಲ. ಸಿಂಗಾಪುರ ಬಿದ್ದ ಮೇಲೆ ಒಂದು ವರ್ಷ ಯಾವ ಸುದ್ದಿಯೂ ಇರಲಿಲ್ಲ. ನಮ್ಮಮ್ಮನಿಗೆ ಆಗ ಹತ್ತೊಂಬತ್ತು ತುಂಬಿತ್ತು. ಎರಡು ಕಡೆಯ ಹಿರಿಯರೂ ಕೂತು, ಅವನು ಇನ್ನಿಲ್ಲ ಎಂದು ತೀರ್ಮಾನಿಸಿ, ೧೯೪೩ರ ಮಾರ್ಚಿನಲ್ಲಿ ಕೆ.ಆರ್. ಪೇಟೆ ಕಡೆಯ ಒಬ್ಬರಿಂದ ಸೀರೆ ಉಡಿಸಿದರು. ಕೂಡಾವಳಿ, ಅಂದರೆ ಎರಡನೆಯ ಮದುವೆ. ಅವರೇ ನಮ್ಮ ತಂದೆ. ಆ ಕಾರ್ಡು ಬಂದಾಗ ನನ್ನ ಅಣ್ಣ ಹೊಟ್ಟೆಯಲ್ಲಿದ್ದ. ಚಿನಕುರಳಿಯ ಮೇಷ್ಟ್ರು ಜಗುಲಿಯ ಮೇಲೆ ನಿಂತು, ‘ಚೆನ್ನಾಗಿದ್ದೇನೆ’ ಎಂದು ಓದಿ ಹೇಳಿದರಂತೆ. ತಾರೀಖು ಜೂನ್. ಸೀರೆ ಉಟ್ಟು ಮೂರು ತಿಂಗಳ ನಂತರ.

ಅಂದಿನಿಂದ ಇಂದಿನವರೆಗೆ ನಮ್ಮಮ್ಮ ಒಂದು ಹಬ್ಬದ ಎಲೆಯ ಮುಂದೆ ಕೂತವರಲ್ಲ. ನಮ್ಮ ತಂದೆ ಇದ್ದಷ್ಟು ದಿನವೂ ಬಾಗಿಲ ಸದ್ದಾದರೆ ಅಮ್ಮ ಬೆಚ್ಚುತ್ತಿದ್ದರು. ಗಂಡ ಉಸಿರಾಡುತ್ತಿರುವಾಗ ಇನ್ನೊಬ್ಬನ ಸೀರೆ ಉಟ್ಟವಳು ತಾನು ಎಂಬ ಮಾತು ಅವರೊಳಗೆ ಕೂತುಬಿಟ್ಟಿದೆ. ಕಾರ್ಡಿನ ತಾರೀಖೇ ತಪ್ಪಿರಬಹುದು, ಕುಳ್ಳಯ್ಯನವರು ಮೊದಲೇ ತೀರಿಕೊಂಡಿರಬಹುದು ಎಂಬ ಆಸೆಯಿಂದ ನಿಮ್ಮನ್ನು ಹುಡುಕಿದೆ.

ಈಗ ನೀವು ಬರೆದಿದ್ದೀರಿ, ಕಾಗದ ಓದಿ ಮೂರು ದಿನ ಮಾತಾಡಲಿಲ್ಲ, ಒಲೆ ಹಚ್ಚುವುದಿಲ್ಲ ಎಂದರು, ಎಂದು. ಅದನ್ನು ಓದುವಾಗ ನಾನು ಮೊದಲೇ ನೋಡಿಕೊಂಡು ಬಿಟ್ಟು ಓದಬೇಕಿತ್ತು. ಓದಿಬಿಟ್ಟೆ. ಅಮ್ಮ ಇಷ್ಟೇ ಕೇಳಿದರು: “ಅಂಗಾದ್ರೆ ಯಾರೋ ಬರ್ದವ್ರೆ, ನಾನು ಸೀರೆ ಉಟ್ಕೊಂಡೆ ಅಂತ. ಅದ್ನ ಎದೇಲಿಟ್ಕೊಂಡೇ ಮಣ್ಣಿಗೋದ್ನಾ ಗೌರಿ?”

ಈಗ ಆ ಒಪ್ಪೊತ್ತಿನ ಊಟವೂ ಇಲ್ಲ. ಹದಿನೆಂಟು ದಿನದಿಂದ ನೀರು, ಎರಡು ಚಮಚ ಗಂಜಿ. ಡಾಕ್ಟರು ದೇಹದಲ್ಲಿ ರೋಗವಿಲ್ಲ ಎನ್ನುತ್ತಾರೆ.

ಆ ಕಾಗದದಲ್ಲಿ ಏನಿತ್ತು? ಯಾರು ಬರೆದದ್ದು? ನಿಜವನ್ನು ಬರೆಯಿರಿ.

ಪುಟ್ಟಗೌರಮ್ಮ


ದೇವಲಾಪುರ
೫ ನವೆಂಬರ್ ೧೯೯೫

ತಾಯಿ ಪುಟ್ಟಗೌರಮ್ಮ,

ಮಗಳು ಎಂದು ಬರೆಯುವ ಯೋಗ್ಯತೆ ನನಗಿಲ್ಲ.

ಕಾಗದ ಬರಲಿಲ್ಲ. ಮೂರೂವರೆ ವರ್ಷದಲ್ಲಿ ನಮ್ಮ ಕೊಟ್ಟಿಗೆಗೆ ಒಂದೇ ಒಂದು ಕಾಗದ ಬರಲಿಲ್ಲ. ಅವನು ಮೂರು ದಿನ ಮಾತಾಡಲಿಲ್ಲ ಎಂಬುದು ನಾನು ಕಟ್ಟಿದ ಕಥೆ. ಕಾಯುತ್ತಿರುವ ಹೆಂಡತಿಗೆ ಸಂತೋಷವಾಗಲಿ ಎಂದು ಬರೆದೆ.

ಕುಳ್ಳಯ್ಯ ಸತ್ತದ್ದು ೧೯೪೨ನೇ ಇಸವಿ ಅಕ್ಟೋಬರ್ ಹನ್ನೊಂದು, ಭಾನುವಾರ. ನಿಮ್ಮ ತಾಯಿ ಸೀರೆ ಉಡುವುದಕ್ಕೆ ಐದು ತಿಂಗಳು ಮೊದಲು.

ತವುಡನ್ನು ನಗುತ್ತಾ ನುಂಗುತ್ತಿದ್ದ ಎಂದಿದ್ದೆ. ಅದೂ ಸುಳ್ಳು. ಡಾಕ್ಟರು ತಟ್ಟೆಗೆ ಹಾಕಿದರೆ, “ದನದ ಬಾನಿಗಾಕೋದ್ನ ನಂಗಾಕ್ತೀರಾ? ಅನ್ನ ತಿಂದೋನ್ಗೆ ರೋಗ, ತವುಡು ತಿಂದೋನ್ಗೆ ವಾಸಿ ಅಂದ್ರೆ ಯಾವ್ ಊರ ನ್ಯಾಯ ಬುಡು” ಎಂದು ಪಕ್ಕಕ್ಕೆ ತಳ್ಳುತ್ತಿದ್ದ. ನನ್ನ ಪಾಲಿನ ಅನ್ನವನ್ನು ಅವನಿಗೆ ಕೊಟ್ಟು, ಅವನ ತವುಡನ್ನು ನಾನು ತಿಂದೆ. ಸ್ನೇಹಕ್ಕೆ ಮಾಡಿದೆ ಅಂದುಕೊಂಡಿದ್ದೆ. ನಾನು ಉಳಿದೆ. ಅವನ ಕಾಲಿನ ಊತ ತೊಡೆಗೆ ಏರಿತು, ಹೊಟ್ಟೆಗೆ ಏರಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತೇ ಇರುತ್ತಿದ್ದ. ಕೊನೆಯ ಬೆಳಿಗ್ಗೆ, “ತವುಡೇ ಕೊಡ್ಲಾ, ತಿಂತೀನಿ” ಎಂದ. ಕೊಟ್ಟೆ. ಇಳಿಯಲಿಲ್ಲ. ಉಪ್ಸಾರು ಕೇಳಿದ. ಬಸಳೆ ಬೇಯಿಸಿದ ನೀರಿಗೆ ಉಪ್ಪು ಹಾಕಿ ಕೊಟ್ಟೆ. ಒಂದು ಗುಟುಕು. ಆಮೇಲೆ ಬೆನ್ನು ಭಾರವಾಯಿತು.

ಈಗ ಕಾರ್ಡು. ೧೯೪೩ರ ಜೂನ್‌ನಲ್ಲಿ, ಮನೆಗೆ ಬರೆಯಬಹುದು ಎಂದು ತಲೆಗೊಂದು ಕಾರ್ಡು ಕೊಟ್ಟರು. ಇಪ್ಪತ್ತೈದು ಮಾತು, ಅದಕ್ಕಿಂತ ಒಂದು ಹೆಚ್ಚಿದ್ದರೂ ಹೋಗದು. ಇಂಗ್ಲಿಷಿನಲ್ಲೇ, ದೊಡ್ಡ ಅಕ್ಷರದಲ್ಲೇ. ರೋಗ, ಹಸಿವು, ಸಾವು ಬರೆಯುವ ಹಾಗಿಲ್ಲ. ಎಲ್ಲರದನ್ನೂ ಬರೆದು ಕೊನೆಗೆ ನನ್ನದಕ್ಕೆ ಕೂತೆ. ಮೊದಲ ಮಾತು ‘ಅವ್ವಾ’ ಎಂದು ಕನ್ನಡದಲ್ಲಿ ಬಿದ್ದುಬಿಟ್ಟಿತು. ಬೇಕೆಂದು ಬರೆದದ್ದಲ್ಲ. ಎದುರು ಕೂತಿದ್ದ ಜಪಾನಿನವನು ಅದನ್ನು ನೋಡಿ ನಾಲ್ಕು ಚೂರು ಮಾಡಿದ. ಇನ್ನೊಂದು ಕೊಡುವುದಿಲ್ಲ ಎಂದ. ಅವರ ಪಟ್ಟಿ ಹಳೆಯದು, ಅದರಲ್ಲಿ ಕುಳ್ಳಯ್ಯನ ಹೆಸರು ಇನ್ನೂ ಇತ್ತು. ಅವನ ಪಾಲಿನ ಕಾರ್ಡು ನನ್ನ ಕೈಯಲ್ಲಿತ್ತು. ನಾನು ಕುಳ್ಳಯ್ಯನಾಗಿ ಬರೆದೆ. ‘ಸತ್ತಿದ್ದೇನೆ’ ಎಂದು ಬರೆದರೆ ಹೋಗುತ್ತಿರಲಿಲ್ಲ. ‘ಚೆನ್ನಾಗಿದ್ದೇನೆ’ ಎಂದೆ. ನನ್ನ ತಾಯಿಗೆ ಸುದ್ದಿ ಮುಟ್ಟಲಿ ಎಂಬುದೊಂದೇ ತಲೆಯಲ್ಲಿತ್ತು.

ಮುಟ್ಟಿತು. ಚಿನಕುರಳಿಯಿಂದ ಯಾರೋ ನಡೆದು ಬಂದು ಹೇಳಿದರಂತೆ. ನನ್ನ ಹೆಂಡತಿಗೂ ಆಗ ಸೀರೆ ಉಡಿಸುವ ಮಾತು ನಡೆದಿತ್ತು. ಆ ಸುದ್ದಿಯಿಂದ ನಿಂತಿತು. ನಾನು ಬಂದೆ, ಸಂಸಾರ ಮಾಡಿದೆ, ನಾಲ್ಕು ಮಕ್ಕಳು. ಎಲ್ಲ ಆ ಕಾರ್ಡಿನಿಂದ.

೧೯೪೬ರಲ್ಲಿ ಚಿನಕುರಳಿಗೆ ಬಂದು ಹೇಳೋಣವೆಂದು ಹೊರಟು ಫ್ರೆಂಚ್ ರಾಕ್ಸ್ ಸ್ಟೇಷನ್ನಿನಲ್ಲಿ ಇಳಿದೆ. ಒಂದು ಮಧ್ಯಾಹ್ನ ಪೂರ್ತಿ ಬೆಂಚಿನ ಮೇಲೆ ಕೂತಿದ್ದು, ಬಂದ ರೈಲಿಗೆ ಹಿಂದಕ್ಕೆ ಹೋದೆ. ಕಾರ್ಡಿನ ಮಾತು ಕೇಳುತ್ತಾರಲ್ಲ, ಏನು ಹೇಳಲಿ? ಈಗ ನೀವು ಬರೆದಾಗಲೂ ಅದೇ ಭಯ. ಜೂನ್ ಆದ ಮೇಲಿನ ಒಂದು ತಾರೀಖು ಬೇಕಿತ್ತು, ೧೯೪೫ ಎಂದು ಬರೆದೆ.

ಇದನ್ನು ತಾಯಿಗೆ ಇವತ್ತೇ ಓದಿ.

ಚಲುವಯ್ಯ


ಗಂಜಾಂ
೨೪ ನವೆಂಬರ್ ೧೯೯೫

ಚಲುವಯ್ಯನವರಿಗೆ,

ಓದಿದೆ. ಒಂದು ಅಕ್ಷರವನ್ನೂ ಬಿಡದೆ ಓದಿದೆ. ನಿಮ್ಮ ಮೇಲೆ ನನಗೆ ಬಂದ ಕೋಪವನ್ನು ಇಲ್ಲಿ ಬರೆಯುವುದಿಲ್ಲ. ಈಗ ಅದರಿಂದ ಉಪಯೋಗವಿಲ್ಲ.

ಅಮ್ಮ ನಂಬಲಿಲ್ಲ.

“ನೀನು ಬರ್ದಿದ್ದೆ ತಾನೇ, ನಿಮ್ಮವ್ವ ಉಣ್ತಿಲ್ಲ ಅಂತ?” ಎಂದರು. ಹೌದು ಎಂದೆ. “ಅದ್ಕೇ ಇಂಗೆ ಬರ್ದವ್ರೆ. ಆವಯ್ಯ ಒಳ್ಳೇವ್ರು ಕಣವ್ವ. ಮೊದ್ಲು ಕೇಳ್ದಾಗ ನಿಜ ಹೇಳ್ದ್ರು. ಈಗ ಮುದ್ಕಿ ಸಾಯ್ತಾಳೆ ಅಂತ ಸುಳ್ಳು ಹೇಳ್ತಾವ್ರೆ. ತಮ್ಮ ಮೇಲೇ ಆಕ್ಕೊಂಡವ್ರೆ ಪಾಪ.”

ನಾನು ತವುಡಿನ ಮಾತು ಹೇಳಿದೆ, ಭಾನುವಾರ ಎಂದೆ. ಹಳೆಯ ಪಂಚಾಂಗ ತೆಗೆಸಿ ನೋಡಿದರೆ ಅಂದು ಭಾನುವಾರವೇ. “ವಾರ ಯಾರ್ ಬೇಕಾದ್ರೂ ಲೆಕ್ಕ ಆಕ್ತಾರೆ” ಎಂದರು. ಒಲೆ ಹಚ್ಚುವುದಿಲ್ಲ ಎಂದ ಮಾತು ಮಾತ್ರ ಅವರಿಗೆ ನಿಜ. “ಅದು ಅವನ್ದೇ ಮಾತು. ಕೋಪ ಬಂದ್ರೆ ಅಂಗೇ ಅನ್ನೋನು.” ನೀವು ಕಟ್ಟಿದ ಕಥೆ ಅಷ್ಟು ಚೆನ್ನಾಗಿತ್ತು.

ನಿನ್ನೆ ಮಧ್ಯಾಹ್ನ ಒಂದು ಮಾತು ಹೇಳಿದರು. ಅದಕ್ಕಾಗಿ ಈ ಕಾಗದ. “ಅವ್ನು ನನ್ನ ಒಂದೆಸ್ರು ಇಟ್ಟು ಕರೀತಿದ್ದ. ಮನೇಲಿ ಯಾರ್ಗೂ ಗೊತ್ತಿಲ್ಲ. ಆ ಕಾರ್ಡಲ್ಲಿ ಆ ಎಸ್ರು ಇರ್ನಿಲ್ಲ. ಕೋಪ ಮಾಡ್ಕೊಂಡವ್ನೆ, ಅದ್ಕೇ ಬರ್ಸಿಲ್ಲ ಅಂದ್ಕಂಡೆ.” ಯಾವ ಹೆಸರು ಎಂದರೆ ಗೋಡೆಯ ಕಡೆ ತಿರುಗಿದರು. ಅದು ನಿಮಗೆ ಗೊತ್ತಿದೆಯೇ? ಸಂಜೆಯ ಆಟದಲ್ಲಿ ಅವರು ಎಂದಾದರೂ ಅಂದಿದ್ದರೇ?

ಗಂಜಿ ಒಂದು ಚಮಚಕ್ಕೆ ಇಳಿದಿದೆ. ನಿಮ್ಮನ್ನೇ ಕರೆಸೋಣವೆಂದರೆ ನಿಮಗೆ ಬಸ್ಸು ಹತ್ತಲು ಆಗದೆಂದು ಚಿಕ್ಕಸ್ವಾಮಿಯವರು ಹೇಳಿದರು.

ಪುಟ್ಟಗೌರಮ್ಮ


ದೇವಲಾಪುರ
೨೯ ನವೆಂಬರ್ ೧೯೯೫

ತಾಯಿ,

ಅಂದಿದ್ದ. ದಿನವೂ ಅನ್ನುತ್ತಿದ್ದ. ಆದರೆ ನಲವತ್ತು ಜನರೂ ಅನ್ನುತ್ತಿದ್ದರು. ಒಬ್ಬೊಬ್ಬನೂ ಅಡುಗೆ ಮಾಡುವಾಗ ತನ್ನವಳನ್ನು ಕೂಗಿ ಉಪ್ಪು ಕೇಳುತ್ತಿದ್ದ, ಸೌದೆ ಕೇಳುತ್ತಿದ್ದ. ಎರಡು ದಿನದಿಂದ ಕಣ್ಣು ಮುಚ್ಚಿ ಆ ಜಗುಲಿಯ ಮೇಲೆ ಕೂತಿದ್ದೇನೆ. ಎಣಿಕೆಯ ಸಾಲು ನೆನಪಿದೆ. ಯಾರ ಪಕ್ಕ ಯಾರು ಎಂದು ನೆನಪಿದೆ. ಹೆಸರುಗಳು ಮೂರಕ್ಕೆ ಬಂದು ನಿಂತಿವೆ: ಕೆಂದಿ, ಗಿಣಿ, ತೂಬಿ. ಒಂದು ಕುಳ್ಳಯ್ಯನ ಹೆಂಡತಿಯದು. ಉಳಿದೆರಡು ಅವನ ಎಡಬಲಕ್ಕೆ ಮಲಗುತ್ತಿದ್ದವರ ಹೆಂಡತಿಯರದು. ಯಾವುದು ಯಾರದು ಎಂದು ಕೇಳಲು ಅವರೂ ಇಲ್ಲ.

ಒಂದನ್ನು ಆರಿಸಿದ್ದೇನೆ. ನಾಲೆಯ ತೂಬಿನ ಹತ್ತಿರ ಮೊದಲು ನೋಡಿದೆ ಎಂದು ಒಬ್ಬ ಹೇಳುತ್ತಿದ್ದುದು ಕಿವಿಯಲ್ಲಿದೆ. ಅದು ಕುಳ್ಳಯ್ಯನ ದನಿ ಎಂದೇ ಅನ್ನಿಸುತ್ತದೆ. ತಪ್ಪಾಗಿದ್ದರೆ ಮತ್ತೊಂದು ಕಳಿಸುವ ಹಾಗಿಲ್ಲ. ಅದನ್ನು ಯಾರು ನಂಬುತ್ತಾರೆ? ನನ್ನ ಕಾಗದಗಳನ್ನು ಅವರು ನಂಬುವುದಿಲ್ಲ. ಕಾರ್ಡನ್ನು ನಂಬಿದ್ದರು. ಅದಕ್ಕೆ ಕಾರ್ಡಿನಲ್ಲೇ, ಅದೇ ಕೈಯಿಂದ, ಅದೇ ಹೆಸರಿನಲ್ಲಿ ಬರೆದಿದ್ದೇನೆ. ಈ ಸಲ ಕನ್ನಡದಲ್ಲಿ. ಇಪ್ಪತ್ತೈದು ಮಾತು, ಎರಡು ಸಲ ಎಣಿಸಿದ್ದೇನೆ. ಇದರ ಜೊತೆಗಿದೆ. ನೀವು ಓದಿ ಹೇಳುವ ಮೊದಲು ಅವರ ಕೈಗೆ ಕೊಡಿ.

ಚಲುವಯ್ಯ


(ಕಾರ್ಡು)

ತೂಬಿ,
ನಾನು ಸತ್ತಿದ್ದೇನೆ. ೧೯೪೨ ಅಕ್ಟೋಬರ್ ಹನ್ನೊಂದು, ಭಾನುವಾರ. ನೀನು ಸೀರೆ ಉಟ್ಟಿದ್ದು ಆಮೇಲೆ. ಕಾಗದ ಯಾವುದೂ ಬರಲಿಲ್ಲ. ಕೊನೆಯಲ್ಲಿ ಉಪ್ಸಾರು ಕೇಳಿದೆ. ನಿನ್ನ ತಪ್ಪಿಲ್ಲ. ಮೊದಲ ಕಾರ್ಡು ನನ್ನದಲ್ಲ. ಊಟ ಮಾಡು.
ಕುಳ್ಳಯ್ಯ